ಸಂಭಾವನೆಯಿಲ್ಲದ ಪಾತ್ರಕ್ಕೆ ಧ್ವನಿ ಕೇಳುವ ಇಮೇಲ್

ವಿದ್ಯಾರ್ಥಿಗಳು ಮಾಡುವ ಆನಿಮೇಷನ್ ಚಿತ್ರದಲ್ಲಿ ಚಿತ್ರ ಬಿಡಿಸುವವರು, ಎಡಿಟ್ ಮಾಡುವವರು, ಸಂಗೀತ ಕೂಡಿಸುವವರು ಬಹುಮಟ್ಟಿಗೆ ಒಂದೇ ತರಗತಿಯವರಾಗಿರುತ್ತಾರೆ. ಎಪ್ಪತ್ತರ ಅಜ್ಜಿಯ ದನಿ ಮಾತ್ರ ತರಗತಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಕಸುಬುದಾರ ಕಂಠದಾನ ಕಲಾವಿದರನ್ನೇ ಕೇಳಬೇಕು, ಕೊಡಲು ಕೈಯಲ್ಲಿ ದುಡ್ಡಿಲ್ಲ. ಹೀಗಾಗಿ ಕೇಳುವ ಇಮೇಲ್‌ನಲ್ಲಿ ಮೂರು ವಿಷಯ ಖಚಿತವಾಗಿರಬೇಕಾಗುತ್ತದೆ: ಎಷ್ಟು ಹೊತ್ತಿನ ಕೆಲಸ, ಹೆಸರು ಎಲ್ಲಿ ಬರುತ್ತದೆ, ದನಿಯನ್ನು ಎಲ್ಲೆಲ್ಲಿ ಬಳಸಲಾಗುತ್ತದೆ. ಹಣ ಕೊಡುವವರ ಪತ್ರದಲ್ಲಿ ಇವು ಸ್ವಲ್ಪ ಮಸುಕಾಗಿದ್ದರೂ ನಡೆದೀತು. ಹಣವಿಲ್ಲದ ಪತ್ರದಲ್ಲಿ ಕಲಾವಿದರ ಪಾಲಿಗೆ ಬರುವುದು ಇವಷ್ಟೇ.

ಒಂದು ಉದಾಹರಣೆ ಇಟ್ಟುಕೊಳ್ಳಬಹುದು. ಬೆಂಗಳೂರಿನಲ್ಲಿ ಆನಿಮೇಷನ್ ಕೊನೆಯ ವರ್ಷ ಓದುತ್ತಿರುವ ವಿದ್ಯಾರ್ಥಿನಿಯ 7 ನಿಮಿಷದ ಚಿತ್ರಕ್ಕೆ ಧಾರವಾಡದ ಮಾತಿನ ಅಜ್ಜಿಯ ದನಿ ಬೇಕು. ರೇಡಿಯೊ ನಾಟಕದಲ್ಲಿ ಕೇಳಿದ ಕಲಾವಿದೆಯೊಬ್ಬರು ಧಾರವಾಡದಲ್ಲೇ ಇದ್ದಾರೆ, ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸುವ ವ್ಯವಸ್ಥೆ ಅವರಲ್ಲಿದೆ.

ಇಮೇಲ್‌ನ ವಿಷಯದ ಸಾಲಿನಲ್ಲೇ ಮುಖ್ಯ ಸಂಗತಿ ಇರಬೇಕು: ‘7 ನಿಮಿಷದ ವಿದ್ಯಾರ್ಥಿ ಆನಿಮೇಷನ್ ಚಿತ್ರ, ಅಜ್ಜಿಯ ಪಾತ್ರಕ್ಕೆ ಧ್ವನಿ, ಸಂಭಾವನೆ ಇಲ್ಲ’. ಸಂಭಾವನೆ ಇಲ್ಲ ಎಂಬುದನ್ನು ನಾಲ್ಕನೆಯ ಪ್ಯಾರಾದಲ್ಲಿ ಬಚ್ಚಿಟ್ಟರೆ, ಅಲ್ಲಿಯವರೆಗೆ ಓದಿದವರಿಗೆ ಮೋಸವಾದಂತೆ ಅನ್ನಿಸುತ್ತದೆ. ಮೊದಲ ಸಾಲುಗಳು ಸರಳವಾಗಿ ಹೀಗಿರಬಹುದು: ‘ನಮಸ್ಕಾರ ಮೇಡಂ. ರೇಡಿಯೊ ನಾಟಕದಲ್ಲಿ ನೀವು ಮಾಡಿದ ಅತ್ತೆಯ ಪಾತ್ರ ಕೇಳಿ ಈ ಪತ್ರ ಬರೆಯುತ್ತಿದ್ದೇನೆ. ಇದು ನನ್ನ ಪದವಿಯ ಚಿತ್ರ. ಯಾರಿಗೂ ಸಂಭಾವನೆ ಇಲ್ಲ, ನಿಮಗೂ ಕೊಡಲಾಗುವುದಿಲ್ಲ.’ ಯಾರಿಗೂ ಇಲ್ಲ ಎಂಬುದು ನಿಜವಾಗಿದ್ದರೆ ಮಾತ್ರ ಹಾಗೆ ಬರೆಯಬೇಕು. ಸಂಗೀತದವರಿಗೆ ಹಣ ಕೊಟ್ಟು ದನಿಯವರಿಗೆ ಇಲ್ಲ ಎಂದರೆ ಅದು ಬೇಗ ಗೊತ್ತಾಗುತ್ತದೆ. ಜೊತೆಗೆ ಪಾತ್ರದ ಒಂದೆರಡು ಮಾತುಗಳನ್ನೂ ಕೊಡುವುದು ಒಳ್ಳೆಯದು. ‘ಯಾಕವಾ, ಉಣ್ಣಾಕ ಬರಂಗಿಲ್ಲೇನ?’ ಎಂಬ ಒಂದೇ ಸಾಲಿನಿಂದ ಯಾವ ಮಾತು, ಯಾವ ವಯಸ್ಸು, ಎಂಥ ಮನೆ ಎಂಬುದು ಕಲಾವಿದೆಗೆ ಅರ್ಥವಾಗುತ್ತದೆ.

ಇನ್ನು ವೇಳಾಪಟ್ಟಿ. ‘ಸ್ವಲ್ಪ ಹೊತ್ತಿನ ಕೆಲಸ’ ಎಂಬ ಮಾತಿಗೆ ಬೆಲೆಯಿಲ್ಲ, ಲೆಕ್ಕ ಹಾಕಿ ಹೇಳಬೇಕು. ಅಜ್ಜಿಗೆ 42 ಮಾತುಗಳಿವೆ, ಒಟ್ಟು ಸುಮಾರು 380 ಪದ. ನಿಧಾನವಾಗಿ ಮಾತಾಡುವ ಅಜ್ಜಿ ನಿಮಿಷಕ್ಕೆ 100 ಪದ ಆಡಿದರೂ 4 ನಿಮಿಷದೊಳಗೆ ಮುಗಿಯುತ್ತದೆ. ಆದರೆ ಪ್ರತಿ ಮಾತಿಗೂ ಮೂರ್ನಾಲ್ಕು ಟೇಕ್, ನಡುವೆ ನಿರ್ದೇಶಕಿಯ ಜೊತೆ ಚರ್ಚೆ, ನೀರು ಕುಡಿಯುವ ಬಿಡುವು ಸೇರಿದರೆ ಒಂದೂವರೆ ಗಂಟೆ ಬೇಕು. ಪತ್ರದಲ್ಲಿ 2 ಗಂಟೆ ಎಂದು ಬರೆದು ಒಂದೂವರೆ ಗಂಟೆಯಲ್ಲಿ ಮುಗಿಸುವುದು ಸರಿಯಾದ ಕ್ರಮ. ಕೂಗು, ಕೆಮ್ಮು, ಅಳು ಎಷ್ಟು ಕಡೆ ಬರುತ್ತವೆ ಎಂಬುದನ್ನೂ ತಿಳಿಸಬೇಕು. ಗಂಟಲಿಗೆ ಹೊರೆಯಾಗುವ ಇಂಥವನ್ನು ಕೊನೆಗೆ ಇಟ್ಟುಕೊಂಡರೆ ಉಳಿದ ಮಾತುಗಳ ದನಿ ಕೆಡುವುದಿಲ್ಲ.

ಆನಿಮೇಷನ್‌ನಲ್ಲಿ ದಿನಾಂಕಕ್ಕೆ ಬೇರೆಯದೇ ತೂಕವಿದೆ. ಇಲ್ಲಿ ಸಾಮಾನ್ಯವಾಗಿ ದನಿ ಮೊದಲು, ಚಿತ್ರ ಆಮೇಲೆ. ಸೆಕೆಂಡಿಗೆ 24 ಫ್ರೇಮ್‌ಗಳ ಚಿತ್ರದಲ್ಲಿ ಬಾಯಿಯ ಆಕಾರಗಳನ್ನು ಮುದ್ರಿತ ಮಾತಿಗೆ ಹೊಂದಿಸಿ ಬಿಡಿಸಲಾಗುತ್ತದೆ. ದನಿ ಬರುವುದು ಎರಡು ವಾರ ತಡವಾದರೆ ಬಿಡಿಸುವವರು ಎರಡು ವಾರ ಖಾಲಿ ಕೂರುತ್ತಾರೆ. ಬಿಡಿಸಿದ ಮೇಲೆ ಒಂದು ಮಾತು ಬದಲಾದರೆ ಆ ಬಾಯಿಯನ್ನು ಮತ್ತೆ ಬಿಡಿಸಬೇಕು. ಆದ್ದರಿಂದ ರೆಕಾರ್ಡಿಂಗಿಗೆ ಎರಡು ದಿನಾಂಕಗಳ ಆಯ್ಕೆ ಕೊಟ್ಟು, ತಿದ್ದುಪಡಿಗೆ ಅರ್ಧ ಗಂಟೆಯ ಒಂದೇ ಒಂದು ಸೆಷನ್ ಎಂದು ಗೆರೆ ಎಳೆದು, ಅದರ ಕೊನೆಯ ದಿನವನ್ನೂ ಬರೆಯಬೇಕು. ಸಂಭಾವನೆಯಿಲ್ಲದ ಕೆಲಸದಲ್ಲಿ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಇಲ್ಲೇ. ‘ಇನ್ನೊಂದೇ ಸಲ ಮೇಡಂ’ ಎಂಬ ಕರೆ ಐದನೆಯ ಸಲ ಬಂದಾಗ ಕಲಾವಿದರು ಫೋನ್ ಎತ್ತುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಮನೆಯಲ್ಲಿ ಮುದ್ರಿಸುವವರಿಗೆ ಫೈಲಿನ ವಿವರ ಎರಡು ಸಾಲು ಸಾಕು: 48 ಕಿಲೋಹರ್ಟ್ಸ್, 24 ಬಿಟ್, ಮೊನೊ WAV ಫೈಲ್, ಸದ್ದು ತೆಗೆಯುವ ಫಿಲ್ಟರ್ ಬೇಡ, ಕೊನೆಯಲ್ಲಿ ಯಾರೂ ಮಾತಾಡದ ಕೋಣೆಯ ಮೌನ 30 ಸೆಕೆಂಡ್. ಆ ಮೌನವಿಲ್ಲದಿದ್ದರೆ ಎಡಿಟ್‌ನಲ್ಲಿ ಎರಡು ಮಾತುಗಳ ನಡುವಿನ ಜಾಗ ಕಿವಿಗೆ ಕತ್ತರಿಸಿದಂತೆ ಕೇಳುತ್ತದೆ.

ಹೆಸರಿನ ವಿಷಯದಲ್ಲಿ ‘ಕ್ರೆಡಿಟ್ ಕೊಡುತ್ತೇವೆ’ ಎಂದರೆ ಸಾಲದು. ಚಿತ್ರದ ಕೊನೆಯಲ್ಲಿ ‘ಅಜ್ಜಿಯ ಧ್ವನಿ’ ಎಂಬ ಪ್ರತ್ಯೇಕ ಸಾಲು, ಚಿತ್ರೋತ್ಸವದ ಅರ್ಜಿ, ಪೋಸ್ಟರ್, ಆನ್‌ಲೈನ್ ವಿವರಣೆ ಹೀಗೆ ಜಾಗಗಳನ್ನು ಹೆಸರಿಸಬೇಕು. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಗೆ ಬರೆಯಬೇಕೆಂದು ಕಲಾವಿದೆಯನ್ನೇ ಕೇಳಬೇಕು. ಇದು ಬರಿಯ ಸೌಜನ್ಯವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 38ಬಿ ಸೆಕ್ಷನ್ ಪ್ರದರ್ಶಕರಿಗೆ ತಮ್ಮ ಹೆಸರಿನಿಂದ ಗುರುತಿಸಿಕೊಳ್ಳುವ ಹಕ್ಕನ್ನೂ, ಹೆಸರಿಗೆ ಕುಂದು ಬರುವಂತೆ ಪ್ರದರ್ಶನವನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕನ್ನೂ ಕೊಟ್ಟಿದೆ. ಹೆಸರಿನ ಜೊತೆಗೆ ಕೊಡಬಹುದಾದ ಇನ್ನೊಂದು ಬೆಲೆಬಾಳುವ ವಸ್ತುವೆಂದರೆ ಚಿತ್ರದ ಪ್ರತಿ ಮತ್ತು ಅದರಿಂದ ಒಂದು ನಿಮಿಷದ ತುಣುಕನ್ನು ತಮ್ಮ ಡೆಮೊದಲ್ಲಿ ಬಳಸಿಕೊಳ್ಳುವ ಅನುಮತಿ. ಮುಂದಿನ ಹಣದ ಕೆಲಸ ಬರುವುದು ಆ ಡೆಮೊದಿಂದ, ಆದ್ದರಿಂದ ಪ್ರತಿ ಯಾವ ತಿಂಗಳಲ್ಲಿ ಸಿಗುತ್ತದೆ ಎಂಬುದೂ ಪತ್ರದಲ್ಲಿರಬೇಕು.

ಎಲ್ಲಕ್ಕಿಂತ ಜಾಗ್ರತೆಯಿಂದ ಬರೆಯಬೇಕಾದದ್ದು ಬಳಕೆಯ ಷರತ್ತು. ಎಲ್ಲಿಂದಲೋ ನಕಲು ಮಾಡಿದ ‘ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ’ ಎಂಬ ಸಾಲನ್ನು ಕಂಡರೆ ಅನುಭವಿ ಕಲಾವಿದರು ಹಿಂದೆ ಸರಿಯುತ್ತಾರೆ. ಹಾಗೆಂದು ಏನನ್ನೂ ಬರೆಯದಿದ್ದರೆ ವಿದ್ಯಾರ್ಥಿನಿಗೇ ನಷ್ಟ. ಹಕ್ಕು ಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ, ಪ್ರದರ್ಶಕರ ಹಕ್ಕಿಗೂ ಅದು ಅನ್ವಯಿಸುತ್ತದೆ. ಹೊರದೇಶದ ಚಿತ್ರೋತ್ಸವಕ್ಕೆ ಕಳಿಸುವ ಆಸೆಯಿದ್ದರೆ ಅದನ್ನು ಬರೆದೇ ಕೇಳಬೇಕು. ನಮ್ಮ ಉದಾಹರಣೆಯ ಪತ್ರದಲ್ಲಿ ಅದು ಹೀಗಿರಬಹುದು: ‘ನಿಮ್ಮ ಧ್ವನಿಯನ್ನು ಈ ಒಂದು ಚಿತ್ರದಲ್ಲಿ ಮತ್ತು ಅದರ ಟ್ರೇಲರ್‌ನಲ್ಲಿ ಮಾತ್ರ ಬಳಸುತ್ತೇವೆ. ಕಾಲೇಜಿನ ಪ್ರದರ್ಶನ, ಭಾರತ ಹಾಗೂ ಹೊರದೇಶಗಳ ಚಿತ್ರೋತ್ಸವ, ಆನಂತರ ಅವಧಿಯ ಮಿತಿಯಿಲ್ಲದೆ ಉಚಿತ ಆನ್‌ಲೈನ್ ಪ್ರದರ್ಶನಕ್ಕೆ ನಿಮ್ಮ ಅನುಮತಿ ಕೋರುತ್ತೇವೆ. ಜಾಹೀರಾತಿಗಾಗಲಿ, ಬೇರೆ ಚಿತ್ರಕ್ಕಾಗಲಿ, ಕೃತಕ ಧ್ವನಿ ತಯಾರಿಸಲಿಕ್ಕಾಗಲಿ ಬಳಸುವುದಿಲ್ಲ. ಚಿತ್ರ ಮಾರಾಟವಾಗುವಂತಾದರೆ, ಮೊದಲು ನಿಮ್ಮೊಡನೆ ಸಂಭಾವನೆಯ ಮಾತು ಮುಗಿಸುತ್ತೇವೆ.’ ಕೊನೆಯ ವಾಕ್ಯಕ್ಕೆ ಕಾಯ್ದೆಯ ಬಲವೂ ಇದೆ. 2012ರ ತಿದ್ದುಪಡಿಯಲ್ಲಿ ಸೇರಿದ 38ಎ ಸೆಕ್ಷನ್ ಪ್ರಕಾರ, ಲಿಖಿತ ಒಪ್ಪಿಗೆ ಕೊಟ್ಟ ಪ್ರದರ್ಶಕರು ನಿರ್ಮಾಪಕರ ಬಳಕೆಗೆ ಸಾಮಾನ್ಯವಾಗಿ ಅಡ್ಡಿಮಾಡುವಂತಿಲ್ಲ. ಆದರೆ ವಾಣಿಜ್ಯ ಬಳಕೆಯಲ್ಲಿ ಅವರಿಗೆ ರಾಯಲ್ಟಿಯ ಹಕ್ಕು ಉಳಿದೇ ಇರುತ್ತದೆ.

ಇಷ್ಟನ್ನು ಬರೆಯುವ ಮುಂಚೆ ವಿದ್ಯಾರ್ಥಿನಿ ತನ್ನ ಕಾಲೇಜಿನ ನಿಯಮ ಓದಿಕೊಳ್ಳಬೇಕು. ವಿದ್ಯಾರ್ಥಿ ಚಿತ್ರದ ಹಕ್ಕು ಸಂಸ್ಥೆಗೇ ಸೇರುವ ಕಡೆಗಳಿವೆ. ಅಲ್ಲಿ ‘ಮಾರುವುದಿಲ್ಲ’ ಎಂದು ಮಾತು ಕೊಡುವ ಅಧಿಕಾರ ವಿದ್ಯಾರ್ಥಿನಿಗೆ ಇರುವುದಿಲ್ಲ, ಪತ್ರದಲ್ಲಿ ಸಂಸ್ಥೆಯ ಒಪ್ಪಿಗೆಯೂ ಬೇಕಾಗುತ್ತದೆ.

ಪತ್ರದ ಕೊನೆಗೆ ಉತ್ತರ ಬೇಕಾದ ದಿನಾಂಕ ಕೊಟ್ಟು, ಒಪ್ಪದಿದ್ದರೂ ಬೇಸರವಿಲ್ಲ ಎಂದು ಬರೆದರೆ ಸಾಕು. ವಾರ ಕಳೆದರೂ ಉತ್ತರ ಬಾರದಿದ್ದರೆ ಒಮ್ಮೆ ಮಾತ್ರ ನೆನಪಿಸಬಹುದು. ಅವರು ಒಪ್ಪಿದ ಮೇಲೆ ಇದೇ ಷರತ್ತುಗಳನ್ನು ಒಂದು ಪುಟದ ಒಪ್ಪಿಗೆ ಪತ್ರವಾಗಿಸಿ ಇಬ್ಬರೂ ಸಹಿ ಮಾಡಬೇಕು, ಏಕೆಂದರೆ ಹಕ್ಕು ಬರೆದುಕೊಡುವುದಕ್ಕೆ ಕಾಯ್ದೆ ಸಹಿ ಮಾಡಿದ ಲಿಖಿತ ಪತ್ರವನ್ನೇ ಕೇಳುತ್ತದೆ. ಸಹಿಯಾದ ಬಳಿಕ, ರೆಕಾರ್ಡಿಂಗಿಗೆ ಮೂರು ದಿನ ಇರುವಾಗಲೇ, ಅಜ್ಜಿಯ ಮಾತುಗಳಿಗೆ ಅಂಕಿ ಹಾಕಿದ ಅಂತಿಮ ಸ್ಕ್ರಿಪ್ಟ್ ಕಲಾವಿದೆಯ ಕೈಸೇರಬೇಕು.