ಮೊದಲು ಮುಖದ ಬೆಳಕು ಓದಿ, ಆಮೇಲೆ ಕತ್ತರಿ ಹಿಡಿಯಿರಿ

ಊರಿನ ಯಾವ ಫೋಟೊ ಸ್ಟುಡಿಯೊಗೆ ಹೋದರೂ ಈ ಬೇಡಿಕೆ ಇದ್ದದ್ದೇ. ಮದುವೆಗೆ ಬರಲಾಗದ ಅಣ್ಣನನ್ನು ಗ್ರೂಪ್ ಫೋಟೊದಲ್ಲಿ ನಿಲ್ಲಿಸಿಕೊಡಬೇಕು, ತೀರಿಹೋದ ತಾತನನ್ನು ಅಜ್ಜಿಯ ಪಕ್ಕ ಕೂರಿಸಿಕೊಡಬೇಕು. ಕಂಪ್ಯೂಟರ್ ಮುಂದೆ ಕೂತವರಿಗೆ ಒಬ್ಬರ ಆಕಾರವನ್ನು ಕತ್ತರಿಸಿ ತೆಗೆಯುವುದು ಈಗ ಕೆಲವೇ ನಿಮಿಷಗಳ ಕೆಲಸ. ಕೂದಲಿನ ಎಳೆ ಎಳೆಯೂ ಬಿಡಿಯಾಗಿ ಬರುತ್ತದೆ. ಆದರೂ ಫೋಟೊ ಕೈಗೆ ಬಂದಾಗ ಮನೆಯವರು ಒಂದು ಕ್ಷಣ ನೋಡಿ, 'ಯಾಕೋ ಅಂಟಿಸಿದ ಹಾಗಿದೆ' ಅನ್ನುತ್ತಾರೆ. ಏನು ತಪ್ಪಾಗಿದೆ ಎಂದು ಹೇಳಲು ಅವರಿಗೆ ಬರುವುದಿಲ್ಲ. ಹೆಚ್ಚಿನ ಸಲ ತಪ್ಪಿರುವುದು ಕತ್ತರಿಸಿದ ಅಂಚಿನಲ್ಲಲ್ಲ, ಬೆಳಕಿನಲ್ಲಿ.

ಒಬ್ಬ ವ್ಯಕ್ತಿಯ ಮೇಲೆ ಬಿದ್ದ ಬೆಳಕಿನ ಬಗ್ಗೆ ಮೂರು ಪ್ರಶ್ನೆ ಕೇಳಬೇಕು. ಅದು ಯಾವ ದಿಕ್ಕಿನಿಂದ ಬಂತು? ಅದರ ಬಣ್ಣ ಯಾವುದು? ಅದು ಎಷ್ಟು ಮೃದು? ಮೂರಕ್ಕೂ ಉತ್ತರ ಹೊಸ ದೃಶ್ಯದ ಬೆಳಕಿನೊಂದಿಗೆ ಕೂಡಬೇಕು. ಆದರೆ ಈ ಮೂರೂ ಸಮಾನವಲ್ಲ. ಬಣ್ಣವನ್ನು ಆಮೇಲೆ ತಿದ್ದಬಹುದು. ಮೃದುತನವನ್ನು ಅಲ್ಪಸ್ವಲ್ಪ ತಿದ್ದಬಹುದು. ದಿಕ್ಕನ್ನು ಮಾತ್ರ ತಿದ್ದುವುದು ಬಹುಮಟ್ಟಿಗೆ ಆಗದ ಮಾತು. ಹಾಗಾಗಿ ಯಾವ ಫೋಟೊಗೆ ಯಾವ ಫೋಟೊ ಸೇರಿಸುವುದು ಎಂಬ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿದಿರಬೇಕು.

ಒಂದು ಕೆಲಸವನ್ನು ಊಹಿಸಿಕೊಳ್ಳೋಣ. ಅಪ್ಪನ ಅರವತ್ತರ ಶಾಂತಿ ನಡೆದಿದೆ. ಮಗ ಅಮೆರಿಕದಲ್ಲಿದ್ದಾನೆ, ಬರಲಾಗಿಲ್ಲ. 'ಅಣ್ಣನನ್ನು ಅಮ್ಮನ ಹಿಂದೆ ನಿಲ್ಲಿಸಿಕೊಡಿ ಸರ್' ಎಂದು ತಂಗಿ ಸ್ಟುಡಿಯೊಗೆ ಬಂದಿದ್ದಾಳೆ. ಅಣ್ಣ ಕಳಿಸಿದ್ದು ಒಂದೇ ಫೋಟೊ: ಬಿಳಿ ಷರಟು ತೊಟ್ಟು, ಮೋಡ ಕವಿದ ದಿನ, ಮನೆಯ ದೊಡ್ಡ ಕಿಟಕಿಯ ಪಕ್ಕ ನಿಂತದ್ದು. ಸಮಾರಂಭದ ಗ್ರೂಪ್ ಫೋಟೊಗಳು ಮೂರಿವೆ. ಒಂದು ಅಂಗಳದ ಬಿಸಿಲಿನಲ್ಲಿ, ಒಂದು ಕೆಂಪು ಹಳದಿ ಬಟ್ಟೆಯ ಶಾಮಿಯಾನದಡಿ, ಇನ್ನೊಂದು ಹಳೆಯ ಮನೆಯ ಜಗುಲಿಯ ಮೇಲೆ.

ಕಣ್ಣು ಹೇಳುವ ದಿಕ್ಕು

ಮೊದಲು ಅಣ್ಣನ ಮುಖವನ್ನು ದೊಡ್ಡದು ಮಾಡಿ ಕಣ್ಣು ನೋಡಬೇಕು. ಕಣ್ಣಿನ ಗುಡ್ಡೆ ಉಬ್ಬಿದ ಒದ್ದೆ ಮೇಲ್ಮೈ, ಎದುರಿಗಿದ್ದ ಬೆಳಕೆಲ್ಲ ಅದರಲ್ಲಿ ಪುಟ್ಟದಾಗಿ ಪ್ರತಿಫಲಿಸುತ್ತದೆ. ಛಾಯಾಗ್ರಾಹಕರು ಇದನ್ನು ಕ್ಯಾಚ್‌ಲೈಟ್ ಅನ್ನುತ್ತಾರೆ. ಇಲ್ಲಿ ಎರಡೂ ಕಣ್ಣುಗಳ ಎಡ ಮೇಲ್ಭಾಗದಲ್ಲಿ, ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ, ಒಂದು ಬಿಳಿಯ ಚೌಕ ಕಾಣುತ್ತದೆ. ಚೌಕವಾದ್ದರಿಂದ ಅದು ಕಿಟಕಿ. ಎಡಕ್ಕಿರುವುದರಿಂದ ಬೆಳಕು ನೋಡುವವರ ಎಡದಿಂದ ಬಂದಿದೆ. ಆಮೇಲೆ ಮೂಗಿನ ನೆರಳು ನೋಡಬೇಕು. ಅದು ಬಲಕ್ಕೆ, ತುಸು ಕೆಳಕ್ಕೆ ಬಿದ್ದಿದೆ. ಹಾಗಾದರೆ ಬೆಳಕು ತಲೆಗಿಂತ ಸ್ವಲ್ಪವೇ ಎತ್ತರದಲ್ಲಿತ್ತು. ಗಲ್ಲದ ಕೆಳಗಿನ ನೆರಳೂ ಇದನ್ನೇ ಹೇಳುತ್ತದೆ.

ಈ ಪುಟ್ಟ ಚುಕ್ಕೆ ಎಷ್ಟು ನಂಬಿಕಸ್ಥ ಎಂದರೆ, ನಕಲಿ ಚಿತ್ರ ಹಿಡಿಯುವವರೂ ಅದನ್ನು ಬಳಸುತ್ತಾರೆ. ಕಣ್ಣಿನ ಹೊಳಪಿನಿಂದ ಬೆಳಕಿನ ದಿಕ್ಕನ್ನು ಲೆಕ್ಕ ಹಾಕಿ, ಒಂದೇ ಫೋಟೊದಲ್ಲಿರುವ ಇಬ್ಬರು ಬೇರೆ ಬೇರೆ ಬೆಳಕಿನಲ್ಲಿ ನಿಂತವರೇ ಎಂದು ಕಂಡುಹಿಡಿಯುವ ವಿಧಾನವನ್ನು ಮೈಕಾ ಜಾನ್ಸನ್ ಮತ್ತು ಹ್ಯಾನಿ ಫರೀದ್ ಎಂಬ ಅಮೆರಿಕದ ಸಂಶೋಧಕರು 2007ರಲ್ಲಿ ಪ್ರಕಟಿಸಿದರು.

ಈಗ ಮೂರು ಗ್ರೂಪ್ ಫೋಟೊಗಳತ್ತ ಬರೋಣ. ಅಂಗಳದ ಬಿಸಿಲು ಬಲದಿಂದ ಬಂದಿದೆ, ಮುಖಗಳ ಎಡಭಾಗ ಕಪ್ಪು. ಅಣ್ಣನದ್ದಕ್ಕೆ ಇದು ಪೂರ್ತಿ ತದ್ವಿರುದ್ಧ. ಇಂಥ ಕಡೆ ಆತುರದವರು ವ್ಯಕ್ತಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಡುತ್ತಾರೆ. ಬೆಳಕೇನೋ ಬಲಕ್ಕೆ ಬರುತ್ತದೆ, ಆದರೆ ಷರಟಿನ ಜೇಬು ಎಡ ಎದೆಯಿಂದ ಬಲಕ್ಕೆ ಹೋಗುತ್ತದೆ, ಬೈತಲೆಯ ಬದಿ ಬದಲಾಗುತ್ತದೆ. ಹೆಂಗಸರಾದರೆ ಸೆರಗು ಇನ್ನೊಂದು ಹೆಗಲಿಗೆ, ಮೂಗುತಿ ಇನ್ನೊಂದು ಹೊಳ್ಳೆಗೆ. ಮುಖವೂ ಎಡಬಲ ಒಂದೇ ಥರ ಇರುವುದಿಲ್ಲವಾದ್ದರಿಂದ ಹೆತ್ತ ತಾಯಿಗೆ ಮಗ ಬೇರೆಯವನಂತೆ ಕಾಣುತ್ತಾನೆ.

ಶಾಮಿಯಾನದಡಿಯ ಬೆಳಕು ಮೃದುವಾಗಿದೆ, ಆದರೆ ತಲೆಯ ಮೇಲಿನ ಬಟ್ಟೆ ನೆತ್ತಿಗೆ, ಹೆಗಲಿಗೆಲ್ಲ ಕೆಂಪು ಹಳದಿ ಬಳಿದಿದೆ. ಅದೂ ಪಟ್ಟೆಗೊಂದು ಬಣ್ಣ. ಉಳಿದದ್ದು ಜಗುಲಿಯದು. ಮೇಲೆ ಮಾಡು, ಬಲಕ್ಕೆ ಗೋಡೆ, ಎದುರು ಮತ್ತು ಎಡಕ್ಕೆ ತೆರೆದ ಅಂಗಳ. ಬೆಳಕು ಎಡ ಮುಂಭಾಗದಿಂದ ಬಂದಿದೆ. ಅಣ್ಣನಿಗೆ ಇದೇ ಜಾಗ.

ನೆರಳಿನ ಅಂಚು

ಮೃದು ಬೆಳಕು, ಗಡಸು ಬೆಳಕು ಎಂಬ ವ್ಯತ್ಯಾಸಕ್ಕೂ ಬೆಳಕಿನ ಪ್ರಖರತೆಗೂ ಸಂಬಂಧವಿಲ್ಲ. ಬೆಳಕಿನ ಮೂಲ ನಾವು ನಿಂತ ಜಾಗದಿಂದ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದಷ್ಟೇ ಲೆಕ್ಕ. ಸೂರ್ಯ ಅಗಾಧ ಗಾತ್ರದವನಾದರೂ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟೇ ಅಗಲದ ಬಿಲ್ಲೆ. ಅದಕ್ಕೇ ಬಿಸಿಲಿನ ನೆರಳಿಗೆ ಚಾಕುವಿನಂಥ ಅಂಚು. ಒಂದು ಮೀಟರ್ ದೂರ ಬಿದ್ದ ನೆರಳಿನ ಅಂಚು ಮಸುಕಾಗುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್. ಅದೇ ನಾಲ್ಕು ಅಡಿ ಅಗಲದ ಕಿಟಕಿಯಿಂದ ಮೂರು ಅಡಿ ದೂರ ನಿಂತರೆ ಮೂಗಿನ ನೆರಳಿನ ಅಂಚು ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದು. ಹದಿನೈದು ಅಡಿ ಹಿಂದೆ ಸರಿದರೆ ಅದೇ ಕಿಟಕಿ ಚಿಕ್ಕದಾಗಿ ಕಾಣುತ್ತದೆ, ನೆರಳು ಗಡಸಾಗುತ್ತದೆ.

ಅಣ್ಣನ ಫೋಟೊದ ನೆರಳು, ಜಗುಲಿಯ ನೆರಳು ಎರಡೂ ಮೃದು. ಆದರೆ ಆಳ ಬೇರೆ. ಕಿಟಕಿಯ ಫೋಟೊದಲ್ಲಿ ಬಲಭಾಗಕ್ಕೆ ಕತ್ತಲ ಕೋಣೆಯಿತ್ತು, ಅತ್ತಣಿಂದ ಬೆಳಕೇ ಇರಲಿಲ್ಲ. ಜಗುಲಿಯಲ್ಲಿ ಎದುರಿನ ಅಂಗಳದ ಬೆಳಕು ನೆರಳನ್ನೂ ತುಂಬಿದೆ. ಫೋಟೊಶಾಪಿನಲ್ಲಿ ಬಿಳಿ ಷರಟಿನ ಮೇಲೆ ಬಾಣವಿಟ್ಟರೆ ಸೊನ್ನೆಯಿಂದ 255ರವರೆಗಿನ ಅಳತೆಯಲ್ಲಿ ಅಂಕಿ ಸಿಗುತ್ತದೆ. ಅಪ್ಪನ ಷರಟಿನ ಬೆಳಕಿನ ಬದಿ 210, ನೆರಳಿನ ಬದಿ 155 ಇದೆ ಎನ್ನಿ. ಅಂದರೆ ನೆರಳಿನಲ್ಲಿ ಹತ್ತಿರಹತ್ತಿರ ಅರ್ಧ ಬೆಳಕಿದೆ. ಅಣ್ಣನ ಷರಟಿನಲ್ಲಿ ಅದು 210 ಮತ್ತು 120. ಹಾಗಾಗಿ ಅವನ ಲೇಯರಿಗೆ ಮಾತ್ರ ತಗಲುವಂತೆ ಕರ್ವ್ಸ್ ಹಾಕಿ, ನೆರಳಿನ ಬದಿಯನ್ನು 155ರ ಹತ್ತಿರಕ್ಕೆ ಎತ್ತಬೇಕು, ಬೆಳಕಿನ ಬದಿ ಮುಟ್ಟಬಾರದು. ಇಡೀ ಮುಖವನ್ನು ಒಟ್ಟಿಗೆ ಬೆಳಗಿಸಿದರೆ ಮೈ ಚಪ್ಪಟೆಯಾಗುತ್ತದೆ.

ಅಣ್ಣ ಬಿಸಿಲಿನಲ್ಲಿ ತೆಗೆದ ಫೋಟೊ ಕಳಿಸಿದ್ದರೆ ಈ ದಾರಿ ಇರುತ್ತಿರಲಿಲ್ಲ. ಮೂಗಿನ ಪಕ್ಕದ ಗಡಸು ನೆರಳಿನ ಗೆರೆಯನ್ನು ಎಷ್ಟು ತೆಳುವಾಗಿಸಿದರೂ ಗೆರೆಯ ಗುರುತು ಉಳಿದೇ ಇರುತ್ತದೆ. ಎದುರಿನಿಂದ ಫ್ಲ್ಯಾಷ್ ಹೊಡೆದು ತೆಗೆದ ಪಾಸ್‌ಪೋರ್ಟ್ ಫೋಟೊ ಕೂಡ ಹೊಂದುವ ಕಡೆ ಕಡಿಮೆ, ಅದರಲ್ಲಿ ಎಡಬಲ ಎಂಬುದೇ ಇರುವುದಿಲ್ಲ.

ಬಿಳಿಯಲ್ಲಿ ಅಡಗಿದ ಬಣ್ಣ

ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಕುಲುಮೆಯಲ್ಲಿ ಕಾದ ಕಬ್ಬಿಣ ಮೊದಲು ಕೆಂಪಗೆ, ಕಾವು ಹೆಚ್ಚಿದಂತೆ ಹಳದಿಗೆ, ಬಿಳುಪಿಗೆ ತಿರುಗುವಂತೆ ಇಲ್ಲಿಯೂ ಅಂಕಿ ಕಡಿಮೆಯಿದ್ದರೆ ಕೆಂಪು, ಹೆಚ್ಚಿದ್ದರೆ ನೀಲಿ. ದೀಪದ ಕುಡಿ ಸುಮಾರು 1900, ಹಳೆಯ ಕಾಲದ ಬಲ್ಬು 2700, ನಡುಹಗಲ ಬಿಸಿಲು 5500, ಮೋಡದ ದಿನ 6500ರ ಆಚೆ. ನಮ್ಮ ಕಣ್ಣು ಈ ವ್ಯತ್ಯಾಸಕ್ಕೆ ಒಗ್ಗಿಕೊಳ್ಳುವುದರಿಂದ ಬೇರೆ ಬೇರೆ ನೋಡಿದಾಗ ಎರಡೂ ಷರಟು ಬಿಳಿಯೇ. ಒಂದೇ ಫೋಟೊದಲ್ಲಿ ಅಕ್ಕಪಕ್ಕ ಬಂದಾಗ ಒಂದು ನೀಲಿ, ಒಂದು ಹಳದಿ.

ಇಲ್ಲಿ ಚರ್ಮದ ಬಣ್ಣ ಹೊಂದಿಸಲು ಹೋಗಬಾರದು. ತಂಗಿಯ ಬಣ್ಣ, ಅಣ್ಣನ ಬಣ್ಣ ಹುಟ್ಟಿನಿಂದಲೇ ಬೇರೆ ಇರಬಹುದು. ಹೊಂದಿಸಬೇಕಾದ್ದು ಬಿಳಿಯನ್ನು. ಅಣ್ಣನ ಷರಟಿನ ಕೆಂಪು, ಹಸಿರು, ನೀಲಿ ಅಂಕಿ 201, 210, 221 ಇದ್ದು, ಅಪ್ಪನದು 214, 210, 203 ಇದ್ದರೆ, ಕರ್ವ್ಸಿನಲ್ಲಿ ಕೆಂಪನ್ನು 13ರಷ್ಟು ಏರಿಸಿ, ನೀಲಿಯನ್ನು 18ರಷ್ಟು ಇಳಿಸಬೇಕು. ಒಂದು ಎಚ್ಚರಿಕೆಯಿದೆ. ನಮ್ಮ ಕಡೆ ಬಿಳಿ ಬಟ್ಟೆಗೆ ನೀಲಿ ಹಾಕಿ ಒಗೆಯುತ್ತಾರೆ, ಆ ಬಿಳಿ ನಂಬಿ ಕೆಟ್ಟವರಿದ್ದಾರೆ. ಅದಕ್ಕೇ ನರೆಗೂದಲು, ಸುಣ್ಣದ ಗೋಡೆಯಂಥ ಇನ್ನೊಂದು ಬಿಳಿಯನ್ನೂ ನೋಡಿ ತಾಳೆ ಮಾಡಿಕೊಳ್ಳಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಜಗುಲಿಗೆ ಕೆಂಪು ಗಾರೆಯ ನೆಲವಿದೆ. ಅದರ ಮೇಲೆ ಬಿದ್ದ ಬೆಳಕು ಕೆಂಪಾಗಿ ಮೇಲೆ ಚಿಮ್ಮುತ್ತದೆ. ಅಲ್ಲಿ ನಿಂತವರ ಗಲ್ಲದಡಿ, ಮೂಗಿನ ತಳ, ತೋಳಿನ ಕೆಳಬದಿಯಲ್ಲೆಲ್ಲ ತೆಳು ಕೆಂಪು ಛಾಯೆ ಇದೆ. ಅಣ್ಣನ ಗಲ್ಲದಡಿ ಅದಿಲ್ಲ. ತಂಗಿಯ ಕತ್ತಿನಿಂದಲೇ ಆ ಬಣ್ಣ ಎತ್ತಿಕೊಂಡು, ಅಣ್ಣನ ಆ ಜಾಗಗಳಿಗೆ ಬಹಳ ತೆಳುವಾಗಿ ಬಳಿಯಬೇಕು. ಹೆಚ್ಚಾದರೆ ಕುಂಕುಮ ಸವರಿದಂತಾಗುತ್ತದೆ.

ಅವನಿಂದ ಬೇರೆಯವರಿಗೆ

ಹೊಸಬ ಬಂದು ನಿಂತಮೇಲೆ ಅವನ ನೆರಳೂ ಬರಬೇಕು. ಅಣ್ಣನನ್ನು ಹಿಂದಿನ ಸಾಲಿನಲ್ಲಿ, ಕುಳಿತ ಅಮ್ಮನ ಹಿಂದೆ ನಿಲ್ಲಿಸುವುದರಿಂದ ಪಾದ ಕಾಣುವುದಿಲ್ಲ, ನೆಲದ ನೆರಳು ಬರೆಯುವ ಕಷ್ಟ ತಪ್ಪುತ್ತದೆ. ಆದರೆ ಎಡಕ್ಕೆ ನಿಂತ ತಂಗಿ ಅವನ ತೋಳಿಗೆ ಬರುವ ಬೆಳಕನ್ನು ತುಸು ತಡೆಯುತ್ತಾಳೆ, ಅಲ್ಲಿ ಮೃದುವಾಗಿ ಕಪ್ಪಾಗಬೇಕು. ಅವನ ಬಲಕ್ಕಿರುವ ಗೋಡೆಯ ಮೇಲೆ ಅವನ ನೆರಳು ಅಂಚಿಲ್ಲದ ಮಬ್ಬಾಗಿ ಬೀಳಬೇಕು. ಇದಕ್ಕೆ ಮಲ್ಟಿಪ್ಲೈ ಲೇಯರಿನಲ್ಲಿ ಮಸುಕು ಕುಂಚ ಸಾಕು. ಕಪ್ಪು ಬಣ್ಣದ ಬದಲು ಗೋಡೆಯದೇ ಗಾಢ ಬಣ್ಣ ಬಳಸಿದರೆ ನೆರಳು ಮಸಿಯಂತೆ ಕಾಣುವುದಿಲ್ಲ.

ಮುಗಿದ ಮೇಲೆ ಎರಡು ಪರೀಕ್ಷೆಗಳಿವೆ. ಎಲ್ಲಕ್ಕೂ ಮೇಲೆ ತಾತ್ಕಾಲಿಕವಾಗಿ ಒಂದು ಲೇಯರ್ ಇಟ್ಟು ಬಣ್ಣವನ್ನು ಪೂರ್ತಿ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಆಗಲೂ ಅವನೊಬ್ಬನೇ ಎದ್ದು ಕಂಡರೆ ತಪ್ಪು ದಿಕ್ಕಿನಲ್ಲಿ ಅಥವಾ ನೆರಳಿನ ಆಳದಲ್ಲಿದೆ. ಆಮೇಲೆ ಬಣ್ಣವನ್ನು ವಿಪರೀತ ಏರಿಸಿ ನೋಡಿ. ಅಣ್ಣ ಮಾತ್ರ ನೀಲಿಗೆ ತಿರುಗಿದರೆ ಬಣ್ಣ ಇನ್ನೂ ಕೂಡಿಲ್ಲ. ಎರಡನ್ನೂ ನೋಡಿದ ಮೇಲೆ ಆ ಲೇಯರ್ ಅಳಿಸಿಬಿಡುವುದು.

ಕಪ್ಪುಬಿಳುಪಿನ ಪರೀಕ್ಷೆಯಲ್ಲೇ ಇನ್ನೊಂದು ಉಪಾಯ ಅಡಗಿದೆ. ತೀರಿಹೋದ ತಾತನ ಹಳೆಯ ಸ್ಟುಡಿಯೊ ಫೋಟೊ ಕಪ್ಪುಬಿಳುಪಿನದಾದರೆ ಅದಕ್ಕೆ ಬಣ್ಣ ಹಚ್ಚುವ ಬದಲು ಇಡೀ ಗ್ರೂಪನ್ನೇ ಕಪ್ಪುಬಿಳುಪು ಮಾಡಿಸಿ. ಮೂರು ಪ್ರಶ್ನೆಗಳಲ್ಲಿ ಒಂದು ಅಲ್ಲಿಗೇ ಮುಗಿಯುತ್ತದೆ.

ಇಂಥ ಫೋಟೊ ಮಾಡಿಸುವವರು ಒಂದಿಷ್ಟು ನೆನಪಿಟ್ಟುಕೊಂಡರೆ ಸಾಕು. ಒಂದೇ ಫೋಟೊ ಕೊಡಬೇಡಿ, ಬೇರೆ ಬೇರೆ ಬೆಳಕಿನಲ್ಲಿ ತೆಗೆದ ನಾಲ್ಕೈದು ಕೊಡಿ. ಗ್ರೂಪ್ ಫೋಟೊ ಯಾವುದೆಂದು ನೀವೇ ತೀರ್ಮಾನಿಸಿಕೊಂಡು ಹೋಗಬೇಡಿ, ಇದ್ದಷ್ಟನ್ನೂ ಒಯ್ಯಿರಿ. ಮುಖ ನುಣುಪು ಮಾಡುವ ಫಿಲ್ಟರ್ ಹಾಕಿದ್ದು ಬೇಡ, ಅದು ನೆರಳನ್ನೇ ಅಳಿಸಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಮೂಲ ಫೋಟೊ ಕುಗ್ಗದೆ ತಲುಪುತ್ತದೆ. ದೂರದಲ್ಲಿರುವವರು ಹೊಸದಾಗಿ ತೆಗೆಸಿಕೊಳ್ಳಲು ಸಿದ್ಧರಿದ್ದರೆ ಗ್ರೂಪ್ ಫೋಟೊವನ್ನು ಮೊದಲು ಅವರಿಗೆ ಕಳಿಸಿ, ಅದರಲ್ಲಿ ಬೆಳಕು ಯಾವ ಕಡೆಯಿಂದ ಬಂದಿದೆಯೋ ಆ ಕಡೆಗೇ ಕಿಟಕಿ ಬರುವಂತೆ ನಿಲ್ಲಲು ಹೇಳಿ.