ತಕರಾರು ತೀರಿಸುವ ಒಂದು ಪುಟ

ಸಹಕಾರ ಸಂಘವೊಂದರ ವಾರ್ಷಿಕ ವರದಿ ಅಚ್ಚಿಗೆ ಹೋಗುವ ಮುನ್ನ ‘ಕಾಲೇಜು’ ಸರಿಯೋ ‘ಕಾಲೇಜ್’ ಸರಿಯೋ ಎಂಬ ವಾದ ಎದ್ದಿತು ಎಂದುಕೊಳ್ಳಿ. ಯಾರ ರುಚಿ ಗೆಲ್ಲಬೇಕು ಎಂದು ಕೇಳುವ ಬದಲು ಹಿಂದಿನ ಮೂರು ವರದಿಗಳ ಕಡತ ತೆರೆದು ಎರಡೂ ರೂಪಗಳನ್ನು ಹುಡುಕಿ, ಎಣಿಸಿ. ಇಲ್ಲೊಂದು ಮೋಸವಿದೆ: ‘ಕಾಲೇಜಿನಲ್ಲಿ’, ‘ಕಾಲೇಜಿಗೆ’ ಎಂಬ ರೂಪಗಳು ಎರಡರಿಂದಲೂ ಹುಟ್ಟುತ್ತವೆ. ಅವು ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ. ವಿಭಕ್ತಿ ಹತ್ತದ ರೂಪಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಸಂಸ್ಥೆಗಳ ಹೆಸರು, ಉದ್ಧರಣೆಗಳನ್ನೂ ಬಿಡಿ; ಅಲ್ಲಿನ ಕಾಗುಣಿತ ಅವರದು. ಉಳಿದವುಗಳಲ್ಲಿ 31 ಕಡೆ ‘ಕಾಲೇಜು’, 4 ಕಡೆ ‘ಕಾಲೇಜ್’ ಇದ್ದರೆ ಮೊದಲನೆಯದನ್ನೇ ಹಾಳೆಗೆ ಬರೆಯಿರಿ. ಸಮಬಲವಿದ್ದರೆ ಮಾತ್ರ ನಿಘಂಟು.

ಅಂಕಿಗಳಿಗೆ ಬರಿಯ ಎಣಿಕೆ ಸಾಲದು. ‘1,50,000’ ಮತ್ತು ‘1.5 ಲಕ್ಷ’ ಎಲ್ಲೆಲ್ಲಿ ಬಂದಿವೆ ನೋಡಿ. ಮೊದಲನೆಯದು ಕೋಷ್ಟಕದಲ್ಲೂ ಎರಡನೆಯದು ವಾಕ್ಯದಲ್ಲೂ ಇದ್ದರೆ ಅದು ಗೊಂದಲವಲ್ಲ, ಯಾರೂ ಬರೆದಿಡದ ನಿಯಮ. ಅದನ್ನೇ ಹಾಳೆಗೆ ಇಳಿಸಿ.

ಕನ್ನಡಕ್ಕೆ ದೊಡ್ಡಕ್ಷರದ ಕಾಟವಿಲ್ಲ. ಅದು ವರದಿಯ ಇಂಗ್ಲಿಷ್ ಪುಟಗಳದ್ದು. ಅಧ್ಯಕ್ಷರ ಪದವಿ ಹೆಸರಿನ ಮುಂದೆ ಬಂದಾಗ ದೊಡ್ಡಕ್ಷರ, ಒಂಟಿಯಾಗಿ ಬಂದಾಗ ಸಣ್ಣಕ್ಷರ ಎಂಬಂಥ ರೂಢಿ ಹಳೆಯ ಪುಟಗಳಲ್ಲೇ ಸಿಗಬಹುದು. ಶೀರ್ಷಿಕೆಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅಲ್ಲಿ ಪದ್ಧತಿಯೇ ಬೇರೆ.

ಹಾಳೆಯನ್ನು ಅಕಾರಾದಿಯಾಗಿಡಿ, ಪ್ರತಿ ತೀರ್ಮಾನದ ಪಕ್ಕ ಅದು ಸಿಕ್ಕ ವರದಿಯ ಪುಟಸಂಖ್ಯೆ ಬರೆಯಿರಿ. ವಾದ ಎದ್ದ ಪದಗಳಷ್ಟೇ ಅದರಲ್ಲಿರಲಿ. ಬಹುಮತವಿದ್ದರೂ ‘ಶುಬಾಶಯ’ ತಪ್ಪೇ. ಅಂಥದ್ದನ್ನು ಎಣಿಸದೆ ತಿದ್ದಿಬಿಡಿ.