ಬೆಳಕಿನ ನೆಪ

ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಓಣಿ ಓಣಿಗೂ ಇದ್ದಾರೆ. ಅಂಥ ಒಬ್ಬಳ ಕತೆ ಬರೆಯಲು ಕೂತಾಗ, ಒಂಟಿತನವನ್ನು ಕಾಣಿಸುವುದು ಹೇಗೆಂದೇ ಮೊದಲು ತಡವರಿಸಿದೆ. ‘ಅವಳಿಗೆ ಬೇಸರವಾಗಿತ್ತು’ ಎಂದು ಬರೆದರೆ ಓದುವವರು ನಂಬುತ್ತಾರೆ, ಮನಸ್ಸಿಗೆ ಮಾತ್ರ ತಾಗುವುದಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಅವಳ ಗಂಟಲು. ಸಂಜೆ ಆರಕ್ಕೆ ಪಕ್ಕದ ಮನೆಯ ಅಜ್ಜಿ ‘ಒಳಗ ಬರಲೇನವಾ?’ ಎನ್ನುತ್ತಾರೆ. ‘ಬರ್ರಿ ಅಜ್ಜಿ’ ಎನ್ನಲು ಹೋದರೆ ಹುಡುಗಿಯ ದನಿ ಒಡೆಯುತ್ತದೆ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

ದಿನಾ ಬರುವವರಿಗೆ ಒಂದು ನೆಪ ಬೇಕು. ನೆಪವಿಲ್ಲದೆ ಬಂದರೆ ಅದು ಕನಿಕರದಂತೆ ಕಾಣುತ್ತದೆ, ಕನಿಕರ ಆ ವಯಸ್ಸಿಗೆ ಚುಚ್ಚುತ್ತದೆ. ನನ್ನ ಅಜ್ಜಿಯ ಕೈಗೆ ಅರಳೆಯ ಬುಟ್ಟಿ ಕೊಟ್ಟೆ. ‘ನಮ್ಮನ್ಯಾಗ ಬೆಳಕ ಸಾಲಂಗಿಲ್ಲ, ಇಲ್ಲೇ ಕುಂತು ಬತ್ತಿ ಹೊಸೀತೀನಿ’ ಎಂದು ಅವರು ಹೊಸ್ತಿಲ ಬಳಿ ಕೂರುತ್ತಾರೆ. ಅರ್ಧ ಗಂಟೆ ಹುಡುಗಿ ಓದುತ್ತಾಳೆ, ಇವರು ಹೊಸೆಯುತ್ತಾರೆ.

ಮೊದಲ ಕರಡಿನಲ್ಲಿ ಈ ಅಜ್ಜಿ ಬಹಳ ಮಾತಾಡುತ್ತಿದ್ದರು, ಧೈರ್ಯ ಹೇಳುತ್ತಿದ್ದರು. ಇಂಥ ಕತೆ ಕೆಡುವುದೇ ಅಲ್ಲಿ. ಕೆಟ್ಟಿದೆಯೇ ಎಂದು ತಿಳಿಯಲು ನಾನು ಮಾಡುವುದಿಷ್ಟು: ಹಿರಿಯರ ಬುದ್ಧಿಮಾತುಗಳನ್ನೆಲ್ಲ ಹೊಡೆದುಹಾಕಿ, ಉಳಿದದ್ದನ್ನು ಓದುತ್ತೇನೆ. ಏನೂ ಉಳಿಯದಿದ್ದರೆ ಆ ಅಜ್ಜಿ ಇನ್ನೂ ಮನುಷ್ಯಳಾಗಿಲ್ಲ ಎಂದರ್ಥ. ಹೊಡೆದುಹಾಕಿದ ಮೇಲೆ ನನ್ನಲ್ಲಿ ಉಳಿದದ್ದು ಅವರು ಬತ್ತಿಯನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಉಜ್ಜುವ ಸಪ್ಪಳ. ಅದು ಸಾಕಾಯಿತು.

ದಿನದಿನದ ಭೇಟಿಯನ್ನೆಲ್ಲ ಬರೆಯಲಾಗದು. ಮೂರು ಸಂಜೆಗಳನ್ನು ಮಾತ್ರ ಬಿಡಿಸಿ ಬರೆದೆ, ಉಳಿದ ತಿಂಗಳುಗಳು ಒಂದೇ ವಾಕ್ಯದಲ್ಲಿ ದಾಟಿಹೋದವು. ಮೊದಲ ಸಂಜೆ ಹುಡುಗಿ ಗಡಿಯಾರ ನೋಡುತ್ತಾಳೆ, ಇವರು ಯಾವಾಗ ಎದ್ದಾರು ಎಂದು. ಎರಡನೆಯದರಲ್ಲಿ ಐದೂ ಮುಕ್ಕಾಲಿಗೇ ಚಾಪೆ ಹಾಸಿರುತ್ತಾಳೆ. ಅವಳು ಬದಲಾದಳೆಂದು ನಾನು ಹೇಳಲಿಲ್ಲ, ಚಾಪೆಯೇ ಹೇಳಿತು.

ಮೂರನೆಯ ಸಂಜೆ ಅಜ್ಜಿ ಬರುವುದಿಲ್ಲ. ಇಲ್ಲಿ ಸಾವನ್ನು ತರುವ ಆಸೆ ಬಲವಾಗಿತ್ತು. ಆದರೆ ಸಾವು ಬಂದರೆ ಓದುಗರು ಅಳುವುದು ಸಾವಿಗೆ, ಆ ಅರ್ಧ ಗಂಟೆಗಲ್ಲ. ಅದಕ್ಕೇ ಅಜ್ಜಿಗೆ ಮೊಣಕಾಲು ನೋವಷ್ಟೇ ಕೊಟ್ಟೆ. ಆರೂವರೆಯಾದರೂ ಬಾಗಿಲು ಸದ್ದಾಗದಿದ್ದಾಗ ಹುಡುಗಿ ಪುಸ್ತಕ ಹಿಡಿದುಕೊಂಡೇ ಪಕ್ಕದ ಮನೆಗೆ ಹೋಗುತ್ತಾಳೆ, ಮೊದಲ ಸಲ. ಪಡುವಣಕ್ಕೆ ತೆರೆದ ಪಡಸಾಲೆ. ಇಳಿಬಿಸಿಲು ಗೋಡೆಯ ತುಂಬ ಬಿದ್ದಿದೆ. ಅವಳ ಕೋಣೆಯಲ್ಲಿ ಒಂದು ದಿನವೂ ಇಷ್ಟು ಬೆಳಕು ಇದ್ದದ್ದಿಲ್ಲ.

ಅಜ್ಜಿ ಕಾಲು ಚಾಚಿ ಕೂತು ಬತ್ತಿ ಹೊಸೆಯುತ್ತಿದ್ದಾರೆ. ಹುಡುಗಿ ಗೋಡೆಯನ್ನೊಮ್ಮೆ ನೋಡಿ, ‘ನಮ್ಮ ರೂಮಿನ್ಯಾಗ ಬೆಳಕ ಸಾಲವಲ್ದು ಅಜ್ಜಿ’ ಎಂದು ಹೊಸ್ತಿಲ ಬಳಿ ಕೂತು ಪುಸ್ತಕ ತೆರೆಯುತ್ತಾಳೆ.